ಅಂಗೈಯವರೆಗಿನ ಅಳತೆ: ಮಕ್ಕಳ ವಯಲಿನ್ ಯೂನಿಫಾರ್ಮ್ ಅಲ್ಲ



ಜೂನ್ ತಿಂಗಳು ಬಂತೆಂದರೆ ನಮ್ಮ ಅಮ್ಮಂದಿರು ಯೂನಿಫಾರ್ಮ್ ಹೊಲಿಸುವಾಗ ದರ್ಜಿಗೆ ಹೇಳುವ ಮಾತು ಒಂದೇ: "ಎರಡು ಇಂಚು ದೊಡ್ಡದೇ ಇರಲಿ, ಬೆಳೆಯುವ ಮಗು." ಆ ಮಾತು ಬಟ್ಟೆಗೆ ಸರಿ. ತೋಳು ಉದ್ದವಾದರೆ ಮಡಚಬಹುದು, ಲಂಗ ಉದ್ದವಾದರೆ ಒಳಗೆ ಹೊಲಿಯಬಹುದು. ಆದರೆ ಇದೇ ಮಾತನ್ನು ನಾವು ವಯಲಿನ್ ಕೊಳ್ಳುವಾಗಲೂ ಹೇಳುತ್ತಿದ್ದೇವೆ. ಅದು ತಪ್ಪು ಎಂಬುದು ನನ್ನ ಅಭಿಪ್ರಾಯ. ವಯಲಿನನ್ನು ಮಡಚಲು ಬರುವುದಿಲ್ಲ, ಅದರ ಬದಲಿಗೆ ಮಗುವಿನ ಕೈಯೇ ಮಡಚಿಕೊಳ್ಳುತ್ತದೆ.

ನಮ್ಮ ಚರ್ಚಿನ ಗಾಯನ ಮಂಡಳಿಯಲ್ಲಿ ನಾನು ಕೆಲವು ವರ್ಷಗಳಿಂದ ವಯಲಿನ್ ನುಡಿಸುತ್ತಿದ್ದೇನೆ. ಭಾನುವಾರ ಪೂಜೆ ಮುಗಿದ ಮೇಲೆ ಕಲಿಯುವ ಮಕ್ಕಳ ಜೊತೆ ಒಂದು ಗಂಟೆ ಕೂರುತ್ತೇನೆ. ಕಳೆದ ವರ್ಷ ಅಲ್ಲಿಗೆ ಒಂಬತ್ತು ವರ್ಷದ ಒಬ್ಬ ಹುಡುಗಿ ಬಂದಳು. ಅವಳ ಕೈಯಲ್ಲಿ ಹೊಳೆಯುವ ಹೊಸ 3/4 ವಯಲಿನ್ ಇತ್ತು. ಅಮ್ಮ ಮನೆಯಲ್ಲೇ ಟೇಪು ಹಿಡಿದು ಕುತ್ತಿಗೆಯಿಂದ ಬೆರಳ ತುದಿಯವರೆಗೆ ಅಳೆದಿದ್ದರು: 62 ಸೆಂಟಿಮೀಟರ್. ಅಂಗಡಿಯ ಪಟ್ಟಿಯಲ್ಲಿ 60ರ ಮೇಲೆ ಎಂದರೆ ಫುಲ್ ಸೈಜ್. "ಒಂಬತ್ತು ವರ್ಷಕ್ಕೆ ಫುಲ್ ಸೈಜ್ ಜಾಸ್ತಿ ಆಯ್ತು, ಮುಕ್ಕಾಲು ತಗೊಳ್ಳಿ" ಎಂದು ಅಂಗಡಿಯವರು ಒಂದು ಸೈಜ್ ಇಳಿಸಿ ಕೊಟ್ಟಿದ್ದರು. ಎಲ್ಲರೂ ಒಳ್ಳೆಯದನ್ನೇ ಯೋಚಿಸಿದ್ದರು. ಆದರೆ ಆ ಪಟ್ಟಿ ಬೆರಳ ತುದಿಗೆ ಮಾಡಿದ್ದಲ್ಲ, ಅಂಗೈಯ ಮಧ್ಯಕ್ಕೆ ಮಾಡಿದ್ದು.

ನಾನು ಮತ್ತೆ ಅಳೆದಾಗ ಅಂಗೈಯ ಮಧ್ಯದವರೆಗೆ ಸಿಕ್ಕಿದ್ದು 52.5 ಸೆಂಟಿಮೀಟರ್. ಅಂಗೈಯ ಮಧ್ಯದಿಂದ ಬೆರಳ ತುದಿಗೇ ಒಂಬತ್ತೂವರೆ ಸೆಂಟಿಮೀಟರ್ ಇತ್ತು. ಅಷ್ಟರಲ್ಲಿ ಎರಡು ಸೈಜುಗಳು ಕಳೆದುಹೋಗುತ್ತವೆ. ಅವಳಿಗೆ ಬೇಕಾಗಿದ್ದದ್ದು 1/2, ಅಂದರೆ ಅರ್ಧ ಸೈಜಿನ ವಯಲಿನ್.

ಅಳೆಯುವ ಕ್ರಮ ಸುಲಭ. ಮಗು ನೇರವಾಗಿ ನಿಲ್ಲಬೇಕು. ಎಡಗೈಯನ್ನು ಪಕ್ಕಕ್ಕೆ, ಭುಜದ ಮಟ್ಟಕ್ಕೆ ಪೂರ್ತಿ ಚಾಚಬೇಕು, ಅಂಗೈ ಮೇಲೆ ನೋಡುತ್ತಿರಬೇಕು. ದರ್ಜಿಯ ಟೇಪಿನ ಒಂದು ತುದಿಯನ್ನು ಕುತ್ತಿಗೆ ಭುಜಕ್ಕೆ ಸೇರುವ ಜಾಗದಲ್ಲಿ, ಅಂದರೆ ವಯಲಿನ್ ಬಂದು ಕೂರುವ ಜಾಗದಲ್ಲಿ ಹಿಡಿಯಿರಿ. ಇನ್ನೊಂದು ತುದಿಯನ್ನು ತೋಳಿನ ಉದ್ದಕ್ಕೂ ತಂದು ಅಂಗೈಯ ನಡುವೆ ನಿಲ್ಲಿಸಿ. ಅಳೆಯುವಾಗ ಮಕ್ಕಳು ದೊಡ್ಡವರಾಗಿ ಕಾಣಬೇಕೆಂದು ಭುಜ ಎತ್ತಿ ಕೈ ಎಳೆಯುತ್ತಾರೆ. "ಭುಜ ಕೆಳಗೆ ಬಿಡು ಮಗಾ" ಎಂದು ಹೇಳಿ ಎರಡನೇ ಸಲ ಅಳೆದು ನೋಡಿ.

ಸುಮಾರಾಗಿ ಲೆಕ್ಕ ಹೀಗೆ: 47ರಿಂದ 51 ಸೆಂಟಿಮೀಟರ್ ಇದ್ದರೆ ಕಾಲು ಸೈಜ್, 51ರಿಂದ 56 ಇದ್ದರೆ ಅರ್ಧ, 56ರಿಂದ 60 ಇದ್ದರೆ ಮುಕ್ಕಾಲು, 60 ದಾಟಿದರೆ ಫುಲ್. ಒಬ್ಬೊಬ್ಬ ತಯಾರಕರ ಪಟ್ಟಿ ಒಂದು ಸೆಂಟಿಮೀಟರ್ ಆಚೀಚೆ ಇರುತ್ತದೆ. ಇನ್ನೊಂದು ಎಚ್ಚರ: ಕೆಲವು ಪಟ್ಟಿಗಳು ಮಣಿಕಟ್ಟಿನವರೆಗಿನ ಅಳತೆಗೆ ಮಾಡಿದವು. ನಮ್ಮ ಹುಡುಗಿಗೆ ಮಣಿಕಟ್ಟಿನವರೆಗೆ 48 ಇತ್ತು. ಆ 48ನ್ನು ಅಂಗೈ ಪಟ್ಟಿಯಲ್ಲಿ ಇಟ್ಟು ನೋಡಿದ್ದರೆ ಕಾಲು ಸೈಜ್ ಬರುತ್ತಿತ್ತು, ಅದೂ ತಪ್ಪೇ. ಹಾಗಾಗಿ ಅಂಗಡಿಗೆ ಫೋನ್ ಮಾಡಿ ಬರೀ ಒಂದು ಸಂಖ್ಯೆ ಹೇಳಬೇಡಿ. "ಅಂಗೈಯ ಮಧ್ಯದವರೆಗೆ ಇಷ್ಟು" ಎಂದು ಹೇಳಿ.

ಅಂಗೈಯೇ ಏಕೆ ಎಂದು ಕೇಳಬಹುದು. ಅರ್ಧ ಎಂದಾಕ್ಷಣ ಉದ್ದದಲ್ಲಿ ಅರ್ಧ ಎಂದು ಭಾವಿಸಬಾರದು. ಫುಲ್ ವಯಲಿನ್‌ನ ಒಡಲು ಸುಮಾರು 14 ಇಂಚು, ಅರ್ಧದ್ದು ಸುಮಾರು 12 ಇಂಚು. ಸುರುಳಿಯ ತುದಿಯವರೆಗೆ ಒಟ್ಟು ಉದ್ದ ನೋಡಿದರೆ ಫುಲ್ ಸುಮಾರು 59 ಸೆಂಟಿಮೀಟರ್, ಅರ್ಧ ಸುಮಾರು 52. ಅಂದರೆ ಸರಿಯಾದ ಸೈಜಿನಲ್ಲಿ ವಯಲಿನ್‌ನ ಉದ್ದವೂ ಕುತ್ತಿಗೆಯಿಂದ ಅಂಗೈವರೆಗಿನ ಉದ್ದವೂ ಹೆಚ್ಚುಕಡಿಮೆ ಒಂದೇ. ಮಗು ವಯಲಿನನ್ನು ಭುಜದ ಮೇಲಿಟ್ಟು ಗಲ್ಲ ಊರಿ, ಎಡಗೈಯನ್ನು ಅದರ ಕೆಳಗಿನಿಂದ ಚಾಚಿದರೆ ಸುರುಳಿ ಅಂಗೈಯೊಳಗೆ ಬಂದು ಕೂರಬೇಕು. ಬೆರಳುಗಳು ಅದನ್ನು ಆರಾಮವಾಗಿ ಸುತ್ತಿ ಹಿಡಿಯಬೇಕು, ಮೊಣಕೈ ಸ್ವಲ್ಪ ಬಗ್ಗಿರಬೇಕು. ಕೈ ಪೂರ್ತಿ ಚಾಚಿದರೂ ಸುರುಳಿ ಬೆರಳ ತುದಿಯಲ್ಲೇ ಉಳಿದರೆ ವಯಲಿನ್ ದೊಡ್ಡದು. ಸುರುಳಿ ಮಣಿಕಟ್ಟಿನ ಹತ್ತಿರ ಬಂದರೆ ಚಿಕ್ಕದು. ಟೇಪು ಇಲ್ಲದಿದ್ದರೂ ಅಂಗಡಿಯಲ್ಲೇ ಈ ಪರೀಕ್ಷೆ ಮಾಡಬಹುದು.

ನುಡಿಸಲು ಕೈಯನ್ನು ಪೂರ್ತಿ ಚಾಚುವುದಿಲ್ಲವಲ್ಲ, ಮೂರು ಸೆಂಟಿಮೀಟರ್ ಜಾಸ್ತಿಯಾದರೆ ಏನು ಎಂದು ಆ ಅಮ್ಮ ಕೇಳಿದರು. ನ್ಯಾಯವಾದ ಪ್ರಶ್ನೆ. "ಆಂಟಿ, ಅವಳು ನುಡಿಸುವಾಗ ಸ್ವಲ್ಪ ನೋಡಿ" ಎಂದೆ. ಹುಡುಗಿ ನುಡಿಸತೊಡಗಿದಳು. ಎಡ ಭುಜ ಕಿವಿಯ ಕಡೆಗೆ ಏರಿತ್ತು. ತೂಕ ತಾಳಲಾರದೆ ಸುರುಳಿ ನೆಲದತ್ತ ಬಾಗಿತ್ತು. ಮೊಣಕೈ ಪಕ್ಕೆಲುಬಿಗೆ ಒರಗಿತ್ತು, ಅಂಗೈ ವಯಲಿನ್‌ನ ಕತ್ತಿಗೆ ಅಂಟಿ ಮಣಿಕಟ್ಟು ಒಳಗೆ ಕುಸಿದಿತ್ತು. ಹೀಗೆ ಕುಸಿದ ಕೈಯಲ್ಲಿ ಕಿರುಬೆರಳು ತಂತಿಯ ಮೇಲೆ ಬಾಗಿ ನಿಲ್ಲಲಾರದು, ಮರದ ಚಮಚದ ಹಾಗೆ ನೆಟ್ಟಗೆ ಮಲಗುತ್ತದೆ.

ಇದಕ್ಕೆ ಕಿವಿಯೇ ಸಾಕ್ಷಿ. ಡಿ ತಂತಿಯ ಮೇಲೆ ಕಿರುಬೆರಳು ಸರಿಯಾದ ಜಾಗಕ್ಕೆ ಬಿದ್ದರೆ ಬರುವ ಸ್ವರವೂ ಪಕ್ಕದ ಎ ತಂತಿಯನ್ನು ಬೆರಳಿಡದೆ ಎಳೆದಾಗ ಬರುವ ಸ್ವರವೂ ಒಂದೇ. ಎರಡನ್ನೂ ಒಂದರ ಹಿಂದೆ ಒಂದು ನುಡಿಸಿಸಿ. ಸಂಗೀತ ಗೊತ್ತಿಲ್ಲದ ಅಪ್ಪನಿಗೂ ವ್ಯತ್ಯಾಸ ಕೇಳಿಸುತ್ತದೆ. ನಮ್ಮ ಹುಡುಗಿಯದು ಪ್ರತಿ ಸಲವೂ ಸ್ವರ ಇಳಿದೇ ಬರುತ್ತಿತ್ತು, ಏಕೆಂದರೆ ಬೆರಳು ಆ ಜಾಗದವರೆಗೆ ತಲುಪುತ್ತಲೇ ಇರಲಿಲ್ಲ. ನಾಲ್ಕು ತಿಂಗಳಿಂದ ಅವಳಿಗೆ ಎಲ್ಲರೂ "ಶ್ರುತಿ ಸರಿ ಇಲ್ಲ, ಗಮನ ಕೊಡು" ಎನ್ನುತ್ತಿದ್ದರು. ನಾನೂ ಹೇಳಿದ್ದೆ ಎಂಬುದನ್ನು ಇಲ್ಲಿ ಒಪ್ಪಿಕೊಳ್ಳುತ್ತೇನೆ. ತಪ್ಪು ಅವಳ ಗಮನದ್ದಾಗಿರಲಿಲ್ಲ. ಅವಳು ವಯಲಿನ್ ಬಿಡುತ್ತೇನೆ ಎಂದು ಅಮ್ಮನ ಹತ್ತಿರ ಹೇಳಿಯೂ ಆಗಿತ್ತು.

ಮಂಡಳಿಯ ಇನ್ನೊಬ್ಬರ ಮನೆಯ ಅಟ್ಟದಲ್ಲಿ ಹಳೆಯ ಅರ್ಧ ಸೈಜ್ ಒಂದಿತ್ತು. ತಂತಿ ಬದಲಿಸಿ ಅದನ್ನು ಅವಳಿಗೆ ಕೊಟ್ಟೆವು. ಭುಜ ಇಳಿಯಲು ಎರಡು ವಾರ ಬೇಕಾಯಿತು, ಮಣಿಕಟ್ಟು ನೇರವಾಗಲು ಇನ್ನೂ ಹೆಚ್ಚು. ಕಲಿತ ತಪ್ಪನ್ನು ಕೈ ಬೇಗ ಮರೆಯುವುದಿಲ್ಲ. ಆದರೆ ಕಿರುಬೆರಳು ಮೊದಲ ದಿನವೇ ತಲುಪಿತು, ಡಿ ತಂತಿಯ ಸ್ವರ ಎ ತಂತಿಯ ಜೊತೆ ಸೇರಿತು. "ಅಕ್ಕ, ಈಗ ಒಂದೇ ಕೇಳ್ತದೆ!" ಎಂದು ಅವಳೇ ಮೊದಲು ಹೇಳಿದ್ದು.

"ಬೇಗ ಬೆಳೆಯುತ್ತಾಳಲ್ಲ, ಮತ್ತೆ ದುಡ್ಡು ದಂಡ ಅಲ್ವಾ" ಎಂಬುದು ಅಮ್ಮನ ಮುಂದಿನ ಮಾತು. ಆರು ತಿಂಗಳ ನಂತರ ಅಳೆದಾಗ 53.5 ಆಗಿತ್ತು, ಅಂದರೆ ಒಂದು ಸೆಂಟಿಮೀಟರ್ ಬೆಳವಣಿಗೆ. ಇದೇ ವೇಗದಲ್ಲಿ 56 ಮುಟ್ಟಲು ಮೊದಲ ಅಳತೆಯಿಂದ ಲೆಕ್ಕ ಹಾಕಿದರೆ ಹತ್ತಿರ ಹತ್ತಿರ ಎರಡು ವರ್ಷ ಬೇಕು. ಕಲಿಕೆಯ ಮೊದಲ ಎರಡು ವರ್ಷ ಎಂದರೆ ಎಡಗೈಯ ರೂಪ ನಿಲ್ಲುವ ಕಾಲ. ಅದನ್ನು ದೊಡ್ಡ ವಯಲಿನ್ ಜೊತೆ ಗುದ್ದಾಡುತ್ತಾ ಕಳೆಯುವುದೇ ನಿಜವಾದ ದಂಡ. ಅಳತೆ ಎರಡು ಸೈಜುಗಳ ಗಡಿಯಲ್ಲಿದ್ದರೆ ಚಿಕ್ಕದನ್ನೇ ಆರಿಸಿ. ಆರು ತಿಂಗಳಿಗೊಮ್ಮೆ ಅಳೆದು ನೋಡಿ. ಸುರುಳಿ ಮಣಿಕಟ್ಟಿನತ್ತ ಬರತೊಡಗಿ, ಬೆರಳುಗಳು ಒಂದಕ್ಕೊಂದು ಇಕ್ಕಟ್ಟಾದಾಗ ಮುಂದಿನದಕ್ಕೆ ಹೋದರಾಯಿತು.

ಚಿಕ್ಕ ವಯಲಿನ್‌ಗೆ ಕೊರತೆ ಇಲ್ಲವೆಂದು ನಾನು ಹೇಳುವುದಿಲ್ಲ. ಒಡಲು ಚಿಕ್ಕದಾದಷ್ಟೂ ನಾದ ತೆಳುವಾಗುತ್ತದೆ, ಮುಖ್ಯವಾಗಿ ಕೆಳಗಿನ ಜಿ ತಂತಿಯಲ್ಲಿ. ಚರ್ಚಿನಲ್ಲಿ ಹಿಂದಿನ ಬೆಂಚಿಗೆ ಕೇಳಿಸದೇ ಇರಬಹುದು. ಆದರೆ ಆ ತೆಳು ನಾದ ಶ್ರುತಿಯಲ್ಲಿದ್ದರೆ ಹಾಡಿನ ಜೊತೆ ಸೇರುತ್ತದೆ, ಶ್ರುತಿ ತಪ್ಪಿದ ದೊಡ್ಡ ನಾದ ಸೇರುವುದಿಲ್ಲ. ಕಮಾನು ಮತ್ತು ತಂತಿಯನ್ನೂ ಅದೇ ಸೈಜಿನದು ಕೇಳಿ ತನ್ನಿ. ಫುಲ್ ಸೈಜಿನ ತಂತಿಯನ್ನು ಅರ್ಧದ ಮೇಲೆ ಹಾಕಿದರೆ ಅದು ಸಡಿಲವಾಗಿ ನಿಂತು ಮಂಕಾಗಿ ನುಡಿಯುತ್ತದೆ.

ಟೇಪಿಗೂ ಒಂದು ಮಿತಿ ಇದೆ. ಅದು ತೋಳನ್ನು ಅಳೆಯುತ್ತದೆ, ಬೆರಳನ್ನಲ್ಲ. ತೋಳು ಉದ್ದವಿದ್ದು ಬೆರಳು ಗಿಡ್ಡವಿರುವ ಮಕ್ಕಳಿದ್ದಾರೆ. ಅವರಿಗೆ ಕಿರುಬೆರಳಿನ ಪರೀಕ್ಷೆಯೇ ಕೊನೆಯ ಮಾತು. ಇನ್ನು ನಮ್ಮ ಗಡಿನಾಡಿನಲ್ಲಿ ಕರ್ನಾಟಕ ಸಂಗೀತ ಕಲಿಯುವ ಮಕ್ಕಳೂ ಇದ್ದಾರೆ. ಅವರು ನೆಲದ ಮೇಲೆ ಕೂತು, ಸುರುಳಿಯನ್ನು ಬಲ ಪಾದದ ಮೇಲಿಟ್ಟು ನುಡಿಸುವುದರಿಂದ ವಯಲಿನ್‌ನ ಭಾರ ಕೈಯ ಮೇಲೆ ಬೀಳುವುದಿಲ್ಲ. ಅಂಗೈಯ ಪಟ್ಟಿ ಮಾಡಿದ್ದು ಭುಜದ ಮೇಲೆ ಹಿಡಿಯುವವರಿಗಾಗಿ. ಕೂತು ನುಡಿಸುವ ಮಗುವಿಗೆ ಪಟ್ಟಿಯನ್ನಷ್ಟೇ ನಂಬದೆ, ಗುರುಗಳ ಮುಂದೆ ಕೂರಿಸಿ ನೋಡಿ ತೀರ್ಮಾನಿಸಿ.

ಕೊನೆಗೆ ನಮ್ಮ ಯುವಜನರಲ್ಲಿ ಒಂದು ವಿನಂತಿ. ಪ್ರತಿ ವಾರ್ಡಿನಲ್ಲೂ ಅಟ್ಟದ ಮೇಲೋ ಮಂಚದ ಕೆಳಗೋ ಮಲಗಿರುವ ಚಿಕ್ಕ ವಯಲಿನ್‌ಗಳಿವೆ. ಅವುಗಳ ಸೈಜ್ ಬರೆದು ಒಂದು ಪಟ್ಟಿ ಮಾಡೋಣ. ಸೈಜ್ ಮರೆತಿದ್ದರೆ ಒಡಲೊಳಗಿನ ಚೀಟಿ ನೋಡಿ, ಚೀಟಿ ಇಲ್ಲದಿದ್ದರೆ ಸುರುಳಿಯವರೆಗೆ ಅಳೆಯಿರಿ. ಕಾಲು ದಾಟಿದ ಮಗು ಅದನ್ನು ಕೊಟ್ಟು ಅರ್ಧ ತೆಗೆದುಕೊಳ್ಳಲಿ, ಅರ್ಧ ದಾಟಿದ ಮಗು ಮುಕ್ಕಾಲು ತೆಗೆದುಕೊಳ್ಳಲಿ. ಆಗ "ಬೆಳೆಯುತ್ತಾಳೆ, ದೊಡ್ಡದೇ ಇರಲಿ" ಎಂದು ಹೇಳುವ ಅಗತ್ಯ ಯಾವ ಅಮ್ಮನಿಗೂ ಬರುವುದಿಲ್ಲ. ಆ ಹುಡುಗಿಯ ಹೊಸ 3/4 ಈಗ ಹನ್ನೊಂದು ವರ್ಷದ ಒಬ್ಬ ಹುಡುಗನ ಕೈಯಲ್ಲಿದೆ. ಅವನ ಅಂಗೈಯವರೆಗೆ 57. ಅವಳಿಗೆ ಬೇಕಾಗುವ ಹೊತ್ತಿಗೆ ಅವನು ಅದನ್ನು ಮರಳಿಸುತ್ತಾನೆ.