ಫೋನ್ ಕೈಯಲ್ಲಿರುವಾಗಲೇ ಹಾಕಬೇಕಾದ ಬೀಗ

ಮನೆಯಲ್ಲಿ ಯಾರದಾದರೂ ಫೋನ್ ಕಳೆದುಹೋದರೆ ನಾವು ಮಾಡುವುದು ಹೆಚ್ಚುಕಮ್ಮಿ ಒಂದೇ. ಮೊದಲು ಇನ್ನೊಂದು ಫೋನಿನಿಂದ ಕರೆ ಮಾಡುತ್ತೇವೆ. ಎರಡು ಸಲ ರಿಂಗ್ ಆಗುತ್ತದೆ, ಮೂರನೇ ಸಲಕ್ಕೆ ಸ್ವಿಚ್ ಆಫ್. ಆಮೇಲೆ ಯಾರೋ ಒಬ್ಬ ಹುಡುಗ 'ಗೂಗಲ್‌ನಲ್ಲಿ ಹುಡುಕಬಹುದು, ಜಿಮೇಲ್ ಯಾವುದು ಹೇಳಿ' ಅನ್ನುತ್ತಾನೆ. ಅಲ್ಲಿಗೆ ಎಲ್ಲರೂ ಮುಖ ಮುಖ ನೋಡಿಕೊಳ್ಳುತ್ತೇವೆ. ಆ ಜಿಮೇಲ್ ಮಾಡಿಕೊಟ್ಟದ್ದು ಮೊಬೈಲ್ ಅಂಗಡಿಯವನು. ಪಾಸ್‌ವರ್ಡ್ ಈಗ ಅವನಿಗೂ ನೆನಪಿಲ್ಲ, ನಮಗಂತೂ ಮೊದಲೇ ಗೊತ್ತಿರಲಿಲ್ಲ.

ಫೋನನ್ನು ದೂರದಿಂದ ಹುಡುಕುವ, ಲಾಕ್ ಮಾಡುವ ಸೌಲಭ್ಯ ಫೋನಿನೊಳಗೇ ಇದೆ. ಅದಕ್ಕೆ ದುಡ್ಡು ಕೊಡಬೇಕಾಗಿಲ್ಲ. ಆದರೆ ಎರಡು ಷರತ್ತು. ಒಂದು, ಫೋನ್ ಕೈಯಲ್ಲಿರುವಾಗಲೇ ಅದನ್ನು ಆನ್ ಮಾಡಿರಬೇಕು. ಎರಡು, ಬೇರೆಯವರ ಫೋನಿನಿಂದ ನಮ್ಮ ಅಕೌಂಟಿಗೆ ಹೋಗುವ ದಾರಿ ನಮಗೆ ಗೊತ್ತಿರಬೇಕು. ನಾವು ಎಡವುವುದು ಬಹಳ ಸಲ ಈ ಎರಡನೆಯದರಲ್ಲಿ.

ಯಾಕೆ ಅಂದರೆ, ಪಾಸ್‌ವರ್ಡ್ ಸರಿಯಾಗಿ ಹಾಕಿದರೂ ಗೂಗಲ್ ಅಷ್ಟಕ್ಕೇ ಒಳಗೆ ಬಿಡುವುದಿಲ್ಲ. ಹೊಸ ಫೋನಿನಿಂದ ಯಾರೋ ಬರುತ್ತಿದ್ದಾರೆ ಎಂದು ಅದಕ್ಕೆ ಅನುಮಾನ. 'ಇದು ನೀವೇನಾ' ಎಂದು ಕೇಳುತ್ತದೆ. ಆ ಪ್ರಶ್ನೆ ಬರುವುದು ಕಳೆದುಹೋದ ಫೋನಿನ ಪರದೆಯ ಮೇಲೆ! ಇಲ್ಲವೇ ಒಟಿಪಿ ಕಳಿಸುತ್ತದೆ, ಅದೂ ಕಳೆದುಹೋದ ಸಿಮ್‌ಗೆ. ಗಲ್ಫ್‌ನಿಂದ ಮಗ ಕಳಿಸಿದ ಫೋನ್ ಬಳಸುವ ಮನೆಗಳಲ್ಲಿ ತೊಡಕು ಇನ್ನೂ ಒಂದು. ಅಕೌಂಟ್ ಮಗನದ್ದು, ಅದಕ್ಕೆ ಜೋಡಿಸಿದ ನಂಬರ್ ಎಂದೋ ನಿಂತುಹೋದ ಸೌದಿಯದ್ದೋ ದುಬೈಯದ್ದೋ. ಆ ನಂಬರಿಗೆ ಬಂದ ಒಟಿಪಿ ಯಾರ ಕೈಗೂ ಸಿಗುವುದಿಲ್ಲ.

ಇದು ಹೇಗೆ ನಡೆಯುತ್ತದೆ ಎಂದು ಒಂದು ಉದಾಹರಣೆಯಲ್ಲಿ ನೋಡೋಣ. ಸ್ಟೇಟ್‌ಬ್ಯಾಂಕಿನಿಂದ ದೇರಳಕಟ್ಟೆಗೆ ಹೋಗುವ ಬಸ್ಸಿನಲ್ಲಿ ಒಬ್ಬ ಉಮ್ಮ ಬರುತ್ತಿದ್ದಾರೆ ಎಂದಿಟ್ಟುಕೊಳ್ಳಿ. ತೊಕ್ಕೊಟ್ಟಿನಲ್ಲಿ ಇಳಿದು ಬ್ಯಾಗ್ ನೋಡಿದರೆ ಫೋನ್ ಇಲ್ಲ. ಫೋನ್ ಸೀಟಿನ ಸಂದಿಗೆ ಜಾರಿದೆಯೋ, ಯಾರಾದರೂ ತೆಗೆದರೋ ಗೊತ್ತಿಲ್ಲ. ಜೊತೆಯಲ್ಲಿ ಮಗಳ ಫೋನ್ ಇದೆ.

ಮೊದಲೇ ತಯಾರಿ ಇದ್ದರೆ ಮಗಳು ಮಾಡಬೇಕಾದ್ದು ಇಷ್ಟೇ. ತನ್ನ ಫೋನಿನಲ್ಲಿ android.com/lock ತೆರೆಯುವುದು, ಉಮ್ಮನ ನಂಬರ್ ಹಾಕುವುದು, ಅಲ್ಲಿ ಕೇಳುವ ಸಣ್ಣ ಪರೀಕ್ಷೆ ಮುಗಿಸಿ ಲಾಕ್ ಒತ್ತುವುದು. ಪಾಸ್‌ವರ್ಡ್ ಬೇಡ, ಒಟಿಪಿ ಬೇಡ. ಬಸ್ಸಿನಲ್ಲಿರುವ ಫೋನಿಗೆ ನೆಟ್ ಇದ್ದರೆ ಅದರ ಪರದೆ ಲಾಕ್ ಆಗುತ್ತದೆ. ಎರಡು ನಿಮಿಷದ ಕೆಲಸ. ಆಮೇಲೆ android.com/find ತೆರೆದು ಉಮ್ಮನ ಅಕೌಂಟ್ ಹಾಕಿದರೆ ಫೋನ್ ಎಲ್ಲಿದೆ ಎಂದು ಮ್ಯಾಪಿನಲ್ಲಿ ಕಾಣುತ್ತದೆ. ಅಲ್ಲಿಂದಲೇ ಲಾಕ್ ಆದ ಪರದೆಯ ಮೇಲೆ 'ಸಿಕ್ಕಿದವರು ಈ ನಂಬರಿಗೆ ಕರೆ ಮಾಡಿ' ಎಂದು ಬರೆದು ಮಗಳ ನಂಬರ್ ಕಾಣುವಂತೆ ಮಾಡಬಹುದು. ಸೈಲೆಂಟಿನಲ್ಲಿದ್ದರೂ ಜೋರಾಗಿ ರಿಂಗ್ ಮಾಡಿಸಬಹುದು. ಚುಕ್ಕೆ ರಸ್ತೆಯ ಮೇಲೆ ದೇರಳಕಟ್ಟೆ ಕಡೆಗೆ ಸರಿಯುತ್ತಿದ್ದರೆ ಫೋನ್ ಇನ್ನೂ ಬಸ್ಸಿನಲ್ಲೇ ಇರಬಹುದು. ಕಂಡಕ್ಟರಿಗೆ ಹೇಳಿ ಕಳಿಸಲು ಸಮಯವಿದೆ. ತೊಕ್ಕೊಟ್ಟಿನ ಆಚೆ ಯಾವುದೋ ಓಣಿಗೆ ತಿರುಗಿದರೆ ಮಾತು ಬೇರೆ.

ಈಗ ಆ ತಯಾರಿಯ ವಿಷಯ. ಆಂಡ್ರಾಯ್ಡ್ ಫೋನಿನಲ್ಲಿ Settings ತೆರೆದು, ಮೇಲಿನ ಹುಡುಕುವ ಜಾಗದಲ್ಲಿ Theft protection ಎಂದು ಟೈಪ್ ಮಾಡಿ. ಒಂದೊಂದು ಕಂಪೆನಿಯ ಫೋನಿನಲ್ಲಿ ಒಂದೊಂದು ಕಡೆ ಇರುವುದರಿಂದ ಹೀಗೆ ಹುಡುಕುವುದೇ ಸುಲಭ. ಅದರೊಳಗೆ Remote Lock ಇದೆ. ಆನ್ ಮಾಡಿ, ಫೋನಿನಲ್ಲಿರುವ ಸಿಮ್‌ನ ನಂಬರನ್ನು ದೃಢಪಡಿಸಿ. ಆಂಡ್ರಾಯ್ಡ್ 10 ಅಥವಾ ಅದಕ್ಕಿಂತ ಹೊಸದಾಗಿದ್ದರೆ ಇದು ಸಿಗುತ್ತದೆ. ನಂಬರ್ ಬದಲಾಯಿಸಿದರೆ ಮತ್ತೆ ದೃಢಪಡಿಸಬೇಕು, ಇಲ್ಲದಿದ್ದರೆ ಕಷ್ಟದ ಹೊತ್ತಿಗೆ ಹೊಸ ನಂಬರ್ ಕೆಲಸಕ್ಕೆ ಬರುವುದಿಲ್ಲ. ಇನ್ನು, ಪಿನ್ನೋ ಪ್ಯಾಟರ್ನೋ ಇಲ್ಲದೆ ಬರೀ ಬೆರಳು ಸರಿಸಿದರೆ ತೆರೆಯುವ ಫೋನಿಗೆ ಈ ಲಾಕ್ ನಡೆಯುವುದಿಲ್ಲ. ನಮ್ಮ ಹಿರಿಯರ ಫೋನುಗಳಲ್ಲಿ ಬಹಳಷ್ಟು ಹಾಗೇ ಇವೆ. 'ಪಿನ್ ಮರೆತುಹೋಗುತ್ತದೆ ಮೋನೇ' ಅನ್ನುವ ಉಮ್ಮನಿಗೆ ಬೆರಳಚ್ಚು ಹಾಕಿಕೊಡಿ, ಪಿನ್ ಮನೆಯಲ್ಲಿ ಬರೆದಿಟ್ಟುಕೊಳ್ಳಿ.

ಎರಡನೆಯದು, ಅದೇ ಹುಡುಕುವ ಜಾಗದಲ್ಲಿ Find Hub. ಹಿಂದೆ ಇದರ ಹೆಸರು Find My Device ಎಂದಿತ್ತು, 2025ರಲ್ಲಿ ಬದಲಾಯಿತು. ಹಳೆಯ ಫೋನುಗಳಲ್ಲಿ ಹಳೆಯ ಹೆಸರೇ ಕಾಣಬಹುದು. ಅದು ಆನ್ ಇದೆಯೇ ನೋಡಿ. ಕೆಳಗೆ Find your offline devices ಎಂಬ ಆಯ್ಕೆ ಇದೆ. ಫೋನಿಗೆ ನೆಟ್ ಇಲ್ಲದಿದ್ದರೂ, ಅಕ್ಕಪಕ್ಕದ ಆಂಡ್ರಾಯ್ಡ್ ಫೋನುಗಳು ಬ್ಲೂಟೂತ್ ಮೂಲಕ ಅದನ್ನು ಗುರುತಿಸಿ ಜಾಗ ತಿಳಿಸುವ ವ್ಯವಸ್ಥೆ ಅದು. ಸಾಮಾನ್ಯವಾಗಿ ಅದು ಜನದಟ್ಟಣೆಯ ಜಾಗಗಳಲ್ಲಿ ಮಾತ್ರ ಎಂಬ ಆಯ್ಕೆಯಲ್ಲಿರುತ್ತದೆ, ಅಂದರೆ ಹಲವು ಫೋನುಗಳು ಕಂಡರೆ ಮಾತ್ರ ಜಾಗ ತಿಳಿಯುತ್ತದೆ. ಹಂಪನಕಟ್ಟೆಗೆ ಅಷ್ಟು ಸಾಕು. ತೋಟದ ನಡುವೆ ಒಂಟಿ ಮನೆ ಇರುವ ಉಪ್ಪಿನಂಗಡಿ, ವಿಟ್ಲ ಕಡೆಯವರು ಎಲ್ಲ ಜಾಗಗಳಲ್ಲೂ ಎಂಬ ಆಯ್ಕೆ ಒತ್ತಿದರೆ ಒಳ್ಳೆಯದು. ಅಲ್ಲಿ ಒಂದೇ ಫೋನ್ ಹಾದುಹೋದರೂ ಸುಳಿವು ಸಿಗಬಹುದು.

ಮೂರನೆಯದು ಕಾಗದದ ಕೆಲಸ. ಅಕೌಂಟ್ ಯಾವುದು, ಪಾಸ್‌ವರ್ಡ್ ಏನು ಎಂದು ಮೊದಲು ಖಚಿತ ಮಾಡಿಕೊಳ್ಳಿ. ಅಂಗಡಿಯವನು ಮಾಡಿದ್ದಾದರೆ ಪಾಸ್‌ವರ್ಡ್ ಬದಲಾಯಿಸಿ, ನಿಂತುಹೋದ ಗಲ್ಫ್ ನಂಬರ್ ತೆಗೆದು ಮನೆಯ ಇನ್ನೊಬ್ಬರ ನಂಬರ್ ಸೇರಿಸಿ. ಗೂಗಲ್ ಅಕೌಂಟಿನಲ್ಲಿ 2-Step Verification ಆನ್ ಇದ್ದರೆ ಅಲ್ಲೇ Backup codes ಸಿಗುತ್ತವೆ. ಎಂಟೆಂಟು ಅಂಕೆಯ ಹತ್ತು ಕೋಡ್‌ಗಳು, ಒಂದೊಂದು ಒಂದೇ ಸಲಕ್ಕೆ. ಒಟಿಪಿ ಬರುವ ಫೋನೇ ಇಲ್ಲದಾಗ ಬಾಗಿಲು ತೆರೆಯುವುದು ಇವುಗಳಿಂದ. ಇವನ್ನು ಅದೇ ಫೋನಿನಲ್ಲಿ ಸ್ಕ್ರೀನ್‌ಶಾಟ್ ಮಾಡಿಟ್ಟರೆ ಏನೂ ಪ್ರಯೋಜನವಿಲ್ಲ. ಕಾಗದದಲ್ಲಿ ಬರೆದು ಪಾಸ್‌ಪೋರ್ಟ್, ಆಧಾರ್ ಇರುವ ಕಪಾಟಿನಲ್ಲಿಡಿ. ಜೊತೆಗೆ *#06# ಒತ್ತಿದರೆ ಕಾಣುವ 15 ಅಂಕೆಯ ಐಎಂಇಐ ಸಂಖ್ಯೆಯನ್ನೂ ಬರೆದಿಡಿ.

ಐಫೋನ್ ಇರುವವರು Settings ತೆರೆದು ಮೇಲೆ ಕಾಣುವ ತಮ್ಮ ಹೆಸರು ಒತ್ತಿ, Find My ಒಳಗೆ ಹೋಗಿ. Find My iPhone, Find My network, Send Last Location ಮೂರೂ ಆನ್ ಇರಲಿ. ಕಳೆದರೆ ಬೇರೆ ಫೋನಿನಿಂದ icloud.com/find ತೆರೆಯಬಹುದು, ಅಲ್ಲಿ ಫೋನ್ ಹುಡುಕುವುದಕ್ಕೆ ಪಾಸ್‌ವರ್ಡ್ ಸಾಕು, ಒಟಿಪಿ ಬೇಕಿಲ್ಲ.

ಇನ್ನು ಕಳೆದ ಮೇಲಿನ ಕ್ರಮ. ಇಲ್ಲಿ ನಮ್ಮದು ಆತುರ. ಫೋನ್ ಹೋಯಿತು ಅಂದ ತಕ್ಷಣ ಕಸ್ಟಮರ್ ಕೇರ್‌ಗೆ ಕರೆ ಮಾಡಿ ಸಿಮ್ ನಿಲ್ಲಿಸುತ್ತೇವೆ. ಸಿಮ್ ನಿಂತರೆ ಕಳೆದ ಫೋನಿನ ನೆಟ್ ಕೂಡ ನಿಲ್ಲುತ್ತದೆ, ಆಮೇಲೆ ನಾವು ಕಳಿಸುವ ಲಾಕ್ ಅದಕ್ಕೆ ತಲುಪುವುದಿಲ್ಲ. ಆದ್ದರಿಂದ ಮೊದಲು ಲಾಕ್, ಆಮೇಲೆ ಸಿಮ್. ಹಾಗೆಂದು ಸಿಮ್ ನಿಲ್ಲಿಸುವುದನ್ನು ಸಂಜೆಗೆ ತಳ್ಳಬಾರದು. ಸಿಮ್ ತೆಗೆದು ಬೇರೆ ಫೋನಿಗೆ ಹಾಕಿದರೆ ಬ್ಯಾಂಕಿನ ಒಟಿಪಿ ಅಲ್ಲಿಗೆ ಬರುತ್ತದೆ. ಲಾಕ್ ಆಯಿತೋ, ಕೂಡಲೇ ಸಿಮ್, ಅದರ ಹಿಂದೆಯೇ ಬ್ಯಾಂಕಿಗೆ ಕರೆ. ಹಣ ಹೋಗಿದ್ದರೆ 1930ಕ್ಕೆ ತಿಳಿಸಿ.

ಎಲ್ಲವನ್ನೂ ಅಳಿಸುವ Factory reset ಅನ್ನೂ ಮೊದಲೇ ಒತ್ತಬೇಡಿ. ಆಂಡ್ರಾಯ್ಡ್ ಫೋನ್ ಅಳಿಸಿದ ಮೇಲೆ ಅದು ಎಲ್ಲಿದೆ ಎಂದು Find Hub ತೋರಿಸುವುದಿಲ್ಲ. ಫೋನ್ ಸಿಗುವ ಆಸೆ ಬಿಟ್ಟ ಮೇಲೆ ಒಳಗಿನ ಫೋಟೊಗಳನ್ನು ಉಳಿಸಿಕೊಳ್ಳಲು, ಅಂದರೆ ಬೇರೆಯವರ ಕಣ್ಣಿಗೆ ಬೀಳದಂತೆ ಮಾಡಲು ಇರುವ ಕೊನೆಯ ಹೆಜ್ಜೆ ಅದು.

ಠಾಣೆಯಲ್ಲಿ ದೂರು ಕೊಟ್ಟು ಅದರ ಪ್ರತಿ ಪಡೆಯಿರಿ. ಅದೇ ನಂಬರಿಗೆ ಹೊಸ ಸಿಮ್ ಮಾಡಿಸಿ. ಆಮೇಲೆ ಕೇಂದ್ರ ಸರಕಾರದ ಸಂಚಾರ್ ಸಾಥಿ ಜಾಲತಾಣ sancharsaathi.gov.in ನಲ್ಲಿ ಐಎಂಇಐ ಕೊಟ್ಟು ಫೋನ್ ಬ್ಲಾಕ್ ಮಾಡಿಸಿದರೆ ಆ ಫೋನ್ ದೇಶದ ಯಾವ ನೆಟ್‌ವರ್ಕಿನಲ್ಲೂ ನಡೆಯುವುದಿಲ್ಲ. ಒಂದು ಮಾತು ನೆನಪಿರಲಿ, ಬದಲಿ ಸಿಮ್‌ಗೆ ಎಸ್ಸೆಮ್ಮೆಸ್ ಶುರುವಾಗಲು 24 ಗಂಟೆಯವರೆಗೆ ಬೇಕಾಗಬಹುದು. ಆ ದಿನವಿಡೀ ಒಟಿಪಿ ಇಲ್ಲ. ಕಪಾಟಿನಲ್ಲಿಟ್ಟ ಕೋಡ್‌ಗಳ ಬೆಲೆ ತಿಳಿಯುವುದು ಆಗ.

ಇದರಿಂದ ಎಲ್ಲವೂ ಆಗಿಬಿಡುತ್ತದೆ ಎಂದು ನಾವು ಹೇಳುವುದಿಲ್ಲ. ಕದ್ದವನು ಕೂಡಲೇ ಸ್ವಿಚ್ ಆಫ್ ಮಾಡಿದರೆ ಹೆಚ್ಚಿನ ಫೋನುಗಳಲ್ಲಿ ಕೊನೆಗೆ ಇದ್ದ ಜಾಗ ಮಾತ್ರ ಕಾಣುತ್ತದೆ. ಮ್ಯಾಪಿನ ಚುಕ್ಕೆ ಇದೇ ಮನೆ, ಇದೇ ಕೋಣೆ ಎಂದು ಹೇಳುವುದಿಲ್ಲ. ಹತ್ತು ಜನ ಕೂಡಿಕೊಂಡು ಆ ಚುಕ್ಕೆಯ ಬಾಗಿಲು ಬಡಿಯುವುದು ತಪ್ಪು, ಅಪಾಯ ಕೂಡ. ಅದನ್ನು ಪೊಲೀಸರಿಗೆ ತೋರಿಸಿ. ಕೆಲವು ದಿನ ಬಿಟ್ಟು 'ನಿಮ್ಮ ಫೋನ್ ಸಿಕ್ಕಿದೆ, ಇಲ್ಲಿ ಒತ್ತಿ' ಎಂದು ಲಿಂಕ್ ಬಂದರೆ ಒತ್ತಬೇಡಿ. ಲಾಕ್ ತೆಗೆಯಲು ನಿಮ್ಮ ಪಾಸ್‌ವರ್ಡ್ ಬೇಕಾಗಿ ಬೀಸಿದ ಗಾಳ ಅದು.

ಇನ್ನೊಂದು ಆಕ್ಷೇಪವನ್ನು ನಾವು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಉಮ್ಮನ ಫೋನ್ ಮಗನ ಅಕೌಂಟಿನಲ್ಲಿದ್ದರೆ ಉಮ್ಮ ಎಲ್ಲಿದ್ದಾರೆ ಎಂದು ಮಗನಿಗೆ ಯಾವಾಗಲೂ ಕಾಣುತ್ತದೆ. ಹೆಂಡತಿಯ ಫೋನ್ ಗಂಡನ ಅಕೌಂಟಿನಲ್ಲಿದ್ದರೂ ಅಷ್ಟೇ. ಕಳೆದ ಫೋನ್ ಹುಡುಕುವ ಸಾಧನ ಮನೆಯವರ ಮೇಲೆ ಕಣ್ಣಿಡುವ ಸಾಧನ ಆಗಬಾರದು. ಅದಕ್ಕೇ ನಮ್ಮ ಅಭಿಪ್ರಾಯ, ಒಬ್ಬೊಬ್ಬರಿಗೆ ಅವರವರದೇ ಅಕೌಂಟ್ ಇರಲಿ, ಕೋಡ್ ಬರೆದ ಕಾಗದ ಅವರವರದೇ ಲಕೋಟೆಯಲ್ಲಿರಲಿ. ಬೇಕಾದ ದಿನ ಅವರೇ ತೆರೆದು ಕೊಡಲಿ.

ಎಲ್ಲ ಮುಗಿದ ಮೇಲೆ ಒಂದು ಪರೀಕ್ಷೆ ಮಾಡಿ. ಉಮ್ಮನ ಫೋನನ್ನು ಅಡುಗೆಮನೆಯ ಮೇಜಿನ ಮೇಲಿಟ್ಟು, ಇನ್ನೊಬ್ಬರ ಫೋನಿನಿಂದ ಅದನ್ನು ಲಾಕ್ ಮಾಡಿ ನೋಡಿ. ಪಿನ್ ಹಾಕಿದರೆ ಮತ್ತೆ ತೆರೆಯುತ್ತದೆ, ನಷ್ಟವೇನಿಲ್ಲ. ಆಮೇಲೆ ಅಕೌಂಟಿಗೆ ಹೋಗಿ ರಿಂಗ್ ಮಾಡಿಸಿ. ಎಲ್ಲಿ ತಡೆಯಾಯಿತೋ ಅಲ್ಲೇ ನಾಳೆಯ ತೊಂದರೆ ಇದೆ, ಈಗಲೇ ಸರಿಪಡಿಸಿ. ಮುಗಿದ ಮೇಲೆ ಆ ಇನ್ನೊಂದು ಫೋನಿನಿಂದ ಉಮ್ಮನ ಅಕೌಂಟ್ ತೆಗೆದುಹಾಕುವುದನ್ನು ಮಾತ್ರ ಮರೆಯಬೇಡಿ.