ನೋಂದಣಿ ಮಾಡಿಸಿದರೆ ಹಳೆಯ ಬಾಕಿ ತೀರದು

ದಾವಣಗೆರೆಯ ಮನೆಯಿಂದ ಇನ್‌ಸ್ಟಾಗ್ರಾಮ್‌ನಲ್ಲಿ ಸಿದ್ಧ ಉಡುಪು ಮಾರುವ ಮಹಿಳೆಯೊಬ್ಬರಿಗೆ ಜಿಎಸ್‌ಟಿ ನೋಟಿಸ್ ಬಂದಿದೆ ಎಂದುಕೊಳ್ಳಿ. ವರ್ಷದ ವಹಿವಾಟು 6 ಲಕ್ಷ ರೂಪಾಯಿ. 40 ಲಕ್ಷದ ಮಿತಿ ದೂರವೇ ಇದೆ. ಆದರೆ ಪಾರ್ಸೆಲ್‌ಗಳು ಚೆನ್ನೈ, ಹೈದರಾಬಾದಿಗೂ ಹೋಗಿವೆ. ಕೆಲವು ಕರಕುಶಲ ವಸ್ತುಗಳಿಗೆ ವಿನಾಯಿತಿ ಇದೆಯಾದರೂ, ತೆರಿಗೆ ಇರುವ ಉಳಿದ ಸರಕನ್ನು ಹೊರರಾಜ್ಯಕ್ಕೆ ಮಾರುವವರಿಗೆ ಸಿಜಿಎಸ್‌ಟಿ ಕಾಯ್ದೆಯ 24ನೇ ಸೆಕ್ಷನ್ ಪ್ರಕಾರ ನೋಂದಣಿ ಕಡ್ಡಾಯ, ವಹಿವಾಟು ಎಷ್ಟೇ ಇರಲಿ.

ಇಂಥವರು ಗಾಬರಿಯಲ್ಲಿ ‘ಸ್ವಯಂಪ್ರೇರಿತ’ ಎಂದು ನೋಂದಣಿ ಪಡೆದು, ಅದರ ಪ್ರತಿಯನ್ನೇ ಉತ್ತರವಾಗಿ ಕಳಿಸುತ್ತಾರೆ. ಅದು ಸಾಲದು. ಅರ್ಜಿಯಲ್ಲಿ ಅಂತರರಾಜ್ಯ ಮಾರಾಟವನ್ನೇ ಕಾರಣವಾಗಿ ತೋರಿಸಬೇಕು, ಹೊಣೆ ಶುರುವಾದ ನಿಜವಾದ ದಿನಾಂಕ ಬರೆಯಬೇಕು. ಆ ದಿನದಿಂದ 30 ದಿನ ಮೀರಿದ್ದರೆ ನೋಂದಣಿ ಜಾರಿಯಾಗುವುದು ಮಂಜೂರಾದ ದಿನದಿಂದ ಮಾತ್ರ. ಹಿಂದಿನ ಅವಧಿಯ ತೆರಿಗೆ ಹಾಗೇ ಉಳಿಯುತ್ತದೆ.

ಶೇ 5ರ ದರದಲ್ಲಿ 6 ಲಕ್ಷಕ್ಕೆ 30,000 ರೂಪಾಯಿ. ಅದನ್ನು ಬಡ್ಡಿಸಮೇತ ಕಟ್ಟಿ, ರಾಜ್ಯವಾರು ಆರ್ಡರ್ ಪಟ್ಟಿ ಮತ್ತು ಕೊರಿಯರ್ ರಸೀದಿಗಳನ್ನು ಉತ್ತರಕ್ಕೆ ಲಗತ್ತಿಸುವುದೇ ಸರಿ. ಸುಮ್ಮನಿದ್ದರೆ ಅಧಿಕಾರಿ ತಮಗೆ ಸಿಕ್ಕ ಮಾಹಿತಿಯ ಮೇಲೆ ತೆರಿಗೆ ಅಂದಾಜು ಮಾಡಬಹುದು. ಇಲಾಖೆಯೂ ಇಂಥ ಸಣ್ಣ ಮಾರಾಟಗಾರರಿಗೆ ನೋಟಿಸಿನಲ್ಲೇ ಈ ವಿವರವನ್ನು ಕನ್ನಡದಲ್ಲಿ ಕೊಡಬೇಕು.