ಕಬ್ಬಿನ ಹಂಗಾಮು ಮತ್ತು ಕಾಗುಣಿತ

ದೀಪಾವಳಿಯ ಹೊತ್ತಿಗೆ ಜತ್ತ ತಾಲ್ಲೂಕಿನ ಅನೇಕ ಕುಟುಂಬಗಳು ಕಬ್ಬು ಕಡಿಯಲು ಸಕ್ಕರೆ ಕಾರ್ಖಾನೆಗಳ ಕಡೆಗೆ ಹೊರಡುತ್ತವೆ. ತಂದೆತಾಯಿಯರೊಡನೆ ಹೋದ ಮಗು ಶಾಲೆಗೆ ಮರಳುವುದು ಹಂಗಾಮು ಮುಗಿದ ಬಳಿಕವೇ. ಈ ಅಗಲಿಕೆಯ ಪೆಟ್ಟು ಆಗತಾನೆ ಓದಲು ಕಲಿಯುತ್ತಿರುವ ಮಗುವಿಗೆ ಹೆಚ್ಚು. ಕನ್ನಡದ ಓದು ಮೆಟ್ಟಿಲು ಮೆಟ್ಟಿಲಾಗಿ ಏರುವಂಥದು: ಮೊದಲು ಮೂಲಾಕ್ಷರ, ಬಳಿಕ ಕಾಗುಣಿತ, ಆಮೇಲೆ ಒತ್ತಕ್ಷರ. ನಡುವಣ ಮೆಟ್ಟಿಲು ತಪ್ಪಿದ ಮಗು ಮರಳಿದಾಗ ತರಗತಿ ಒತ್ತಕ್ಷರಕ್ಕೆ ಸಾಗಿರುತ್ತದೆ. ಕಬ್ಬಿನ ಊರಿನ ಮರಾಠಿ ಶಾಲೆಯಲ್ಲಿ ಕುಳಿತರೂ ಕನ್ನಡ ಲಿಪಿಯ ರೂಢಿ ಉಳಿಯುವುದಿಲ್ಲ.

ಈ ಕೊರತೆ ಬೇಗ ಕಣ್ಣಿಗೆ ಬೀಳದು. ಸಹಪಾಠಿಗಳ ದನಿ ಕೇಳಿ ಮಗು ಪಾಠವನ್ನು ಬಾಯಿಪಾಠವಾಗಿ ಒಪ್ಪಿಸುತ್ತದೆ. ಮನೆಯವರು ಅದನ್ನೇ ಓದೆಂದು ಭಾವಿಸುತ್ತಾರೆ. ಚಿತ್ರವನ್ನು ಮುಚ್ಚಿ, ಸಾಲಿನ ಕೊನೆಯ ಪದದಿಂದ ಹಿಂದಕ್ಕೆ ಓದಿಸಿದರೆ ನಿಜ ತಿಳಿಯುತ್ತದೆ.

ಎರಡನೆಯ ತರಗತಿಗೆ ಹೀಗೆ ಮರಳಿದ ಒಬ್ಬ ಬಾಲಕಿಯನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಅವಳು ‘ಮರ’, ‘ಕಮಲ’ ಎಂದು ಸಲೀಸಾಗಿ ಓದುತ್ತಾಳೆ; ‘ಕರು’ವನ್ನು ‘ಕರ’ ಎನ್ನುತ್ತಾಳೆ, ‘ಕೊಡು’, ‘ಕೋಡು’ಗಳ ಭೇದ ಅರಿಯಳು. ಒಂದೊಂದು ಅಕ್ಷರಕ್ಕೂ ತಡವರಿಸುವುದರಿಂದ ವಾಕ್ಯದ ಕೊನೆ ಮುಟ್ಟುವಷ್ಟರಲ್ಲಿ ಮೊದಲು ಮರೆತಿರುತ್ತದೆ. ಅವಳಿಗೆ ಬೇಕಾದುದು ಮತ್ತೆ ‘ಅ, ಆ’ ಅಲ್ಲ, ಇಂದಿನ ಪಾಠವೂ ಅಲ್ಲ, ಕಾಗುಣಿತ.

ಶಿಕ್ಷಕರು ದಿನಕ್ಕೆ ಅರ್ಧ ಗಂಟೆಯನ್ನು ಇದಕ್ಕೆ ಮೀಸಲಿಟ್ಟು, ವಾರಕ್ಕೆ ಎರಡು ಸ್ವರಚಿಹ್ನೆಗಳನ್ನು ಪರಿಚಿತ ಪದಗಳಲ್ಲಿ ಕಲಿಸಬಹುದು. ಅವೇ ಪದಗಳ ಚೀಟಿ ಸಂಜೆ ಮನೆಗೆ ಹೋಗಲಿ. ಓದು ಬಾರದ ತಾಯಿಯೂ ನೆರವಾಗಬಲ್ಲಳು: ಮಗು ಬೆರಳಿಟ್ಟು ಹತ್ತು ನಿಮಿಷ ಓದುವಾಗ ಬಳಿ ಕುಳಿತು ಕೇಳಿ, ತಡವರಿಸಿದ ಪದಕ್ಕೆ ಗೆರೆ ಎಳೆದರೆ ಸಾಕು. ಮರುದಿನದ ಪಾಠ ಆ ಗೆರೆಗಳಿಂದಲೇ ಆರಂಭವಾಗುತ್ತದೆ. ಶನಿವಾರ ಹಿಂದೆ ಕಾಣದ ಹತ್ತು ಪದಗಳನ್ನು ಓದಿಸಬೇಕು. ಎಂಟು ಸರಿಯಾದರೆ ಮುಂದಿನ ಚಿಹ್ನೆ, ಇಲ್ಲವಾದರೆ ಅದೇ ಇನ್ನೊಂದು ವಾರ. ಆರೇಳು ವಾರವಾದರೂ ಪ್ರಗತಿ ಕಾಣದಿದ್ದರೆ ಮಗುವಿನ ಕಣ್ಣು, ಕಿವಿಗಳನ್ನು ಪರೀಕ್ಷಿಸಬೇಕು.

ಇದು ಶಿಕ್ಷಕರ ಔದಾರ್ಯವಷ್ಟೇ ಅಲ್ಲ. 2009ರ ಶಿಕ್ಷಣ ಹಕ್ಕು ಕಾಯಿದೆಯ 24ನೆಯ ಕಲಮು, ಪ್ರತಿ ಮಗುವಿನ ಕಲಿಕೆಯನ್ನು ಅಳೆದು ಅಗತ್ಯವಿದ್ದಲ್ಲಿ ಹೆಚ್ಚಿನ ಬೋಧನೆ ನೀಡುವುದನ್ನೂ, ಹಾಜರಿ ಮತ್ತು ಪ್ರಗತಿಯನ್ನು ಪಾಲಕರ ಸಭೆಯಲ್ಲಿ ತಿಳಿಸುವುದನ್ನೂ ಶಿಕ್ಷಕರ ಕರ್ತವ್ಯವೆಂದೇ ವಿಧಿಸಿದೆ. ಆ ಸಭೆಯಲ್ಲಿ ಪಾಲಕರು ಕೇಳಬೇಕಾದುದು ‘ಮಗು ಜಾಣನೇ?’ ಎಂದಲ್ಲ, ‘ಯಾವ ಮೆಟ್ಟಿಲಲ್ಲಿ ನಿಂತಿದೆ?’ ಎಂದು.

ಪಾಲಕರಿಗೂ ಒಂದು ಹೊಣೆಯಿದೆ. ಹೊರಡುವ ದಿನವನ್ನು ಶಾಲೆಗೆ ಮೊದಲೇ ತಿಳಿಸಿದರೆ, ಮಗು ಅಜ್ಜಿಯ ಬಳಿ ಉಳಿಯುವುದೋ, ಹಂಗಾಮಿ ವಸತಿಗೃಹ ಸೇರುವುದೋ, ಪದಗಳ ಚೀಟಿಯನ್ನು ಜೊತೆಗೊಯ್ಯುವುದೋ ಎಂಬುದು ಗಾಡಿ ಹತ್ತುವ ಮುನ್ನವೇ ತೀರ್ಮಾನವಾಗುತ್ತದೆ.